ನೆಪ್ಚೂನ್ ರವಿಯ ಮೇಲೆ ಬಂದಾಗ

ಸಾಡೇಸಾತಿ ಶನಿಯ ಹೆಸರು ಕೇಳದ ಮನೆ ನಮ್ಮಲ್ಲಿ ಕಡಿಮೆ. ಪಾಶ್ಚಾತ್ಯ ಜ್ಯೋತಿಷಿಗಳಿಗೂ ಅಂಥದೇ ಒಂದು ನಿಧಾನದ ಲೆಕ್ಕವಿದೆ. ಆದರೆ ಅವರು ಮುಖ್ಯವಾಗಿ ನೋಡುವುದು ಚಂದ್ರನನ್ನಲ್ಲ, ಜನ್ಮಕುಂಡಲಿಯ ರವಿಯನ್ನು. ಅದರ ಮೇಲೆ ಹಾಯುವ ಗ್ರಹಗಳೂ ನಮ್ಮ ನವಗ್ರಹಗಳ ಪಟ್ಟಿಯಲ್ಲಿಲ್ಲ: ಯುರೇನಸ್, ನೆಪ್ಚೂನ್, ಪ್ಲೂಟೊ. ರವಿ ಎಂದರೆ 'ನಾನು ಇಂಥವನು' ಎಂಬ ಗುರುತು. ಈ ಗ್ರಹಗಳು ಅದನ್ನು ಅಲುಗಾಡಿಸುತ್ತವೆ ಎಂಬುದು ಅವರ ನಂಬಿಕೆ. ಯುರೇನಸ್ ಒಡೆಯುತ್ತದೆ, ಪ್ಲೂಟೊ ಬುಡ ಕೀಳುತ್ತದೆ, ನೆಪ್ಚೂನ್ ಕರಗಿಸುತ್ತದೆ ಎನ್ನುತ್ತಾರೆ. ಇಲ್ಲಿ ನೆಪ್ಚೂನ್ ಒಂದನ್ನೇ ನೋಡೋಣ.

1846ರಲ್ಲಿ ಬರ್ಲಿನ್‌ನ ವೀಕ್ಷಣಾಲಯದಿಂದ ಕಂಡ ಈ ಗ್ರಹಕ್ಕೆ ರಾಶಿಚಕ್ರ ಸುತ್ತಲು ಸುಮಾರು 165 ವರ್ಷ ಬೇಕು. ಎಂಬತ್ತು ವರ್ಷ ಬದುಕಿದವರ ಕಾಲದಲ್ಲಿ ಅದು ಅರ್ಧ ಚಕ್ರವನ್ನಷ್ಟೇ ದಾಟುತ್ತದೆ. ಹಾಗಾಗಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ರವಿಯ ಮೇಲೆ ಅದು ಬರುವುದೇ ಇಲ್ಲ. ಬಂದವರಿಗೂ ಒಮ್ಮೆ ಮಾತ್ರ. ಆದರೆ ಆ ಒಂದು ಸಲವೂ ಒಂದು ದಿನದ ಮಾತಲ್ಲ. ವರ್ಷಕ್ಕೆ ಎರಡು ಡಿಗ್ರಿಯಷ್ಟೇ ಮುಂದೆ ಸರಿಯುವ ನೆಪ್ಚೂನ್ ಪ್ರತಿ ವರ್ಷ ಐದಾರು ತಿಂಗಳು ವಕ್ರಗತಿಯಲ್ಲಿ ಹಿಂದಕ್ಕೂ ಬರುತ್ತದೆ. ಆದ್ದರಿಂದ ಒಂದೇ ಬಿಂದುವನ್ನು ಮೂರು ಸಲ, ಕೆಲವೊಮ್ಮೆ ಐದು ಸಲ ಮುಟ್ಟುತ್ತದೆ. ಮುಗಿಯಿತು ಎಂದುಕೊಂಡ ಗೊಂದಲ ಮತ್ತೆ ಬಾಗಿಲಿಗೆ ಬರುವುದು ಈ ಕಾರಣಕ್ಕೆ ಎಂಬುದು ಜ್ಯೋತಿಷಿಗಳ ವಿವರಣೆ.

ಇದಕ್ಕೆ ಅವರು ಕೊಡಬಹುದಾದ ಒಳ್ಳೆಯ ಉದಾಹರಣೆ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್. ಸ್ವತಃ ಜಾತಕ ಹಾಕಿ ನೋಡುತ್ತಿದ್ದ ಮನುಷ್ಯ. 1875ರ ಜುಲೈ 26ರಂದು ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಅವನ ರವಿ ಸಾಯನ ಸಿಂಹದ ಮೂರು ಡಿಗ್ರಿ ದಾಟಿದ ಜಾಗದಲ್ಲಿದೆ. (ನಮ್ಮ ನಿರಯಣ ಲೆಕ್ಕದಲ್ಲಿ ಅದು ಕಟಕ. ಅಯನಾಂಶದ ಜಗಳ ಇಲ್ಲಿ ಬೇಡ.) 1916ರ ಆಗಸ್ಟ್‌ನಿಂದ 1917ರ ಜೂನ್‌ವರೆಗೆ ನೆಪ್ಚೂನ್ ಆ ಬಿಂದುವನ್ನು ಸುಮಾರಾಗಿ ಮೂರು ಸಲ ಹಾಯ್ದಿತು.

ಆ ಹೊತ್ತಿಗೆ ಯೂಂಗ್‌ನ ಹಳೆಯ ಗುರುತುಗಳು ಒಂದೊಂದಾಗಿ ಕಳಚಿದ್ದವು. 1913ರಲ್ಲಿ ಫ್ರಾಯ್ಡ್ ಜೊತೆಗಿನ ನಂಟು ಮುರಿಯಿತು. ಮರುವರ್ಷ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷತೆಯೂ ಜ್ಯೂರಿಕ್ ವಿಶ್ವವಿದ್ಯಾಲಯದ ಬೋಧನೆಯೂ ಹೋದವು. ವಿಜ್ಞಾನದ ಪುಸ್ತಕ ಹಿಡಿದರೆ ಓದಲಾಗುತ್ತಿರಲಿಲ್ಲ. ಒಳಗಿನಿಂದ ಏಳುತ್ತಿದ್ದ ದೃಶ್ಯಗಳಲ್ಲಿ ಕೊಚ್ಚಿಹೋಗದಂತೆ, ತನಗೆ ಹೆಂಡತಿ, ಐದು ಮಕ್ಕಳು, ವೈದ್ಯಕೀಯ ಪದವಿ, ಕುಸ್ನಾಖ್ಟ್‌ನಲ್ಲಿ ಒಂದು ಮನೆ ಇದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ. ಮನೆಯ ನಂಬರನ್ನೂ ಸೇರಿಸಿ.

ಇಲ್ಲಿ ಒಂದು ತೊಡಕಿದೆ. ಕುಸಿತ ಶುರುವಾದ 1913ರ ಅಕ್ಟೋಬರಿನಲ್ಲಿ ನೆಪ್ಚೂನ್ ಇನ್ನೂ ಐದು ಡಿಗ್ರಿ ಹಿಂದಿತ್ತು. ಜ್ಯೋತಿಷಿ ಪ್ರಭಾವದ ವ್ಯಾಪ್ತಿಯನ್ನು ಐದು ಡಿಗ್ರಿಗೆ ಹಿಗ್ಗಿಸಿದರೆ ಜಾತಕ ಹೊಂದುತ್ತದೆ, ಒಂದು ಡಿಗ್ರಿಗೆ ಕುಗ್ಗಿಸಿದರೆ ಹೊಂದುವುದಿಲ್ಲ. ಎರಡೂ ಕಡೆ ಐದೈದು ಡಿಗ್ರಿ ಬಿಟ್ಟರೆ ಸುಮಾರು ಐದು ವರ್ಷವಾಯಿತು. ಐದು ವರ್ಷದಲ್ಲಿ ಏನೂ ಬದಲಾಗದ ಬದುಕು ಯಾರದು? ಜುಲೈ 26ರ ಆಸುಪಾಸಿನಲ್ಲಿ ಹುಟ್ಟಿದ ಎಲ್ಲರ ರವಿಯ ಮೇಲೂ ಆಗ ಇದೇ ನೆಪ್ಚೂನ್ ಇತ್ತು ಎಂಬುದನ್ನೂ ಮರೆಯುವಂತಿಲ್ಲ. ಗ್ರಹ ಕಾರಣ ಎನ್ನಲು ನನಗೆ ಆಧಾರ ಕಾಣುವುದಿಲ್ಲ. ಆದರೂ ಜನ ಇದಕ್ಕೆ ಅಂಟಿಕೊಳ್ಳುವುದು ಏಕೆಂದು ಅರ್ಥವಾಗುತ್ತದೆ: ಹೆಸರಿಲ್ಲದ ಸಂಕಟಕ್ಕೆ ಇದು ಒಂದು ಹೆಸರನ್ನೂ ಒಂದು ಕೊನೆಯ ತಾರೀಖನ್ನೂ ಕೊಡುತ್ತದೆ. ಅಪಾಯ ಇರುವುದೂ ಆ ತಾರೀಖಿನಲ್ಲೇ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುತ್ತಿರುವವರು 'ಜೂನ್ ಕಳೆಯಲಿ' ಎಂದು ಕಾಯುತ್ತಾ ಕೂತರೆ ಖಿನ್ನತೆಗೆ ಚಿಕಿತ್ಸೆ ತಪ್ಪಿಹೋಗುತ್ತದೆ.

ಯೂಂಗ್ ಸುಮ್ಮನೆ ಕಾಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೆರೆದಂಡೆಯಲ್ಲಿ ಮಕ್ಕಳಂತೆ ಕಲ್ಲು ಜೋಡಿಸಿ ಪುಟ್ಟ ಊರು ಕಟ್ಟುತ್ತಿದ್ದ. ರೋಗಿಗಳನ್ನು ನೋಡುವುದನ್ನು ಬಿಡಲಿಲ್ಲ. 1916ರಲ್ಲಿ ಮೊದಲ ಮಂಡಲ ಬರೆದ. 1917ರ ಆಗಸ್ಟ್‌ನಲ್ಲಿ, ಶಾತೋ ಡೇ ಎಂಬ ಊರಿನಲ್ಲಿ ಬ್ರಿಟಿಷ್ ಯುದ್ಧಬಂಧಿಗಳ ಶಿಬಿರದ ಹೊಣೆ ಹೊತ್ತಿದ್ದಾಗ, ನೋಟ್‌ಬುಕ್ಕಿನಲ್ಲಿ ದಿನಾ ಬೆಳಿಗ್ಗೆ ಒಂದು ವೃತ್ತ ಬಿಡಿಸುತ್ತಿದ್ದ. ಅಂದಿನ ತನ್ನ ಸ್ಥಿತಿ ಅದರಲ್ಲಿ ಕಾಣುತ್ತದೆ ಎಂದು ಅವನಿಗೆ ತೋರುತ್ತಿತ್ತು. ಒಮ್ಮೆ ಪರಿಚಯದ ಹೆಂಗಸೊಬ್ಬರ ಪತ್ರ ಓದಿ ಸಿಟ್ಟು ಬಂತು. ಮರುದಿನದ ವೃತ್ತದಲ್ಲಿ ಅಂಚಿನ ಒಂದು ಭಾಗ ಒಡೆದುಹೋಗಿತ್ತು.