ಚಾಕೊಲೇಟ್ ಮೇಲೆ ಬಿಳಿ ಮಸುಕು ಏಕೆ?

ಪ್ರಶ್ನೆ: ಅಂಗಡಿಯಿಂದ ತಂದ ಡಾರ್ಕ್ ಚಾಕೊಲೇಟನ್ನು ಕರಗಿಸಿ ಅಚ್ಚಿಗೆ ಹಾಕಿದೆ. ಎರಡೇ ದಿನಕ್ಕೆ ಬಿಳಿ ಮಸುಕು ಬಂದು ಮೆತ್ತಗಾಯಿತು. ಬೂಷ್ಟೇ?
– ಓದುಗರು, ಪಾಂಡವಪುರ

ಉತ್ತರ: ಬೂಷ್ಟಲ್ಲ, ಅದು ಮೇಲೆ ಬಂದು ಹರಳುಗಟ್ಟಿದ ಕೋಕೋ ಬೆಣ್ಣೆ. ಈ ಕೊಬ್ಬು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದದ್ದು ಐದನೆಯದು. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಕೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುತ್ತದೆ, ಮುರಿದರೆ ಟಕ್ಕೆನ್ನುತ್ತದೆ. ಕರಗಿಸಿ ಹಾಗೇ ಆರಲು ಬಿಟ್ಟರೆ ದುರ್ಬಲ ಹರಳುಗಳು ಕಟ್ಟಿಕೊಂಡು, ಆಮೇಲೆ ರೂಪ ಬದಲಿಸುತ್ತವೆ. ಆಗಲೇ ಮಸುಕು ಕಾಣುವುದು.

ಐದನೆಯ ಬಗೆಯ ಹರಳೇ ಕಟ್ಟುವಂತೆ ಪುತ್ತೂರಿನ ಕ್ಯಾಂಪ್ಕೊದಂಥ ಕಾರ್ಖಾನೆಯಲ್ಲಿ ಯಂತ್ರ ಮಾಡುವ ಟೆಂಪರಿಂಗನ್ನು ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಮಾಡಬಹುದು. 45–50 ಡಿಗ್ರಿಗೆ ಕಾಯಿಸಿದರೆ ಹಳೆಯ ಹರಳೆಲ್ಲ ಕರಗುತ್ತವೆ. ಕೈಯಾಡಿಸುತ್ತಾ 27–28ಕ್ಕೆ ಇಳಿಸಿದರೆ ಹೊಸವು ಹುಟ್ಟುತ್ತವೆ. ಮತ್ತೆ 31–32ಕ್ಕೆ ಏರಿಸಿದರೆ ದುರ್ಬಲವಾದವು ಕರಗಿ, ಐದನೆಯ ಬಗೆಯದು ಉಳಿಯುತ್ತದೆ. ಚಾಕುವಿನ ತುದಿಗೆ ಸವರಿ ನೋಡಿ: ತಂಪು ಕೋಣೆಯಲ್ಲಿ ಐದಾರು ನಿಮಿಷಕ್ಕೆ ಹೊಳಪಿನಿಂದ ಗಟ್ಟಿಯಾದರೆ ಸರಿಯಾಗಿದೆ. ಗೆರೆ ಮೂಡಿದರೆ ಮತ್ತೆ ಮೊದಲಿನಿಂದ ಕಾಯಿಸಿ.

ಏಪ್ರಿಲ್‌ನಲ್ಲಿ ಪಾಂಡವಪುರದ ಮಧ್ಯಾಹ್ನ 34 ಡಿಗ್ರಿ ದಾಟಿದರೆ ಚೆನ್ನಾಗಿ ಕಟ್ಟಿದ ಹರಳೂ ಕರಗುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಮಸುಕು ಬಂದದ್ದನ್ನು ತಿನ್ನಬಹುದು, ಕರಗಿಸಿ ಮತ್ತೆ ಟೆಂಪರ್ ಮಾಡಲೂಬಹುದು.