ವೈಫೈ ಗುಂಡಿ ಕಾಣೆಯಾದಾಗ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಗುಂಡಿ ಮಂಕಾಗಿರುವುದು ಬೇರೆ, ಮಾಯವಾಗಿರುವುದೇ ಬೇರೆ. ಪರದೆಯ ಬಲಮೂಲೆಯಲ್ಲಿ ವಿಮಾನದ ಚಿತ್ರ ಕಂಡರೆ ಏರೋಪ್ಲೇನ್ ಮೋಡ್ ಆನ್ ಆಗಿದೆ ಎಂದರ್ಥ. ಕೀಬೋರ್ಡಿನಲ್ಲಿ ಅದೇ ಚಿತ್ರದ ಕೀಲಿಗೆ ಬೆರಳು ತಗುಲಿದರೂ ಹೀಗಾಗುವುದುಂಟು. ಆಫ್ ಮಾಡಿದರೆ ಮುಗಿಯಿತು.

ಗುಂಡಿಯೇ ಇಲ್ಲದಿದ್ದರೆ ಅಡಾಪ್ಟರಿನ ಮೇಲೆ ಸಂಶಯಪಡಬೇಕು. ವಿಂಡೋಸ್ ಕೀಲಿಯನ್ನೂ R ಅನ್ನೂ ಒಟ್ಟಿಗೆ ಒತ್ತಿ, ಹೀಗೆ ಬರೆದು ಎಂಟರ್ ಒತ್ತಬೇಕು:

```
ncpa.cpl
```

ತೆರೆದ ಕಿಟಕಿಯಲ್ಲಿ Wi-Fi ಚಿತ್ರ ಬೂದುಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ Disabled ಎಂದಿದ್ದರೆ ಸಂಶಯ ನಿಜ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ Enable ಒತ್ತಿದರೆ ಗುಂಡಿ ಮರಳುತ್ತದೆ. ಕಚೇರಿಯ ಲ್ಯಾಪ್‌ಟಾಪಾದರೆ ಇಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಬಹುದು. Wi-Fi ಹೆಸರೇ ಅಲ್ಲಿಲ್ಲದಿದ್ದರೆ ತೊಂದರೆ ಹೆಚ್ಚಾಗಿ ಡ್ರೈವರಿನದು, ಇಲ್ಲವೇ ಕಾರ್ಡಿನದು.