ಮುಂಗಡ ಕಳೆಯುವುದು ಎಲ್ಲಿಂದ?

ಮರಗೆಲಸದ ಕಾರ್ಖಾನೆಯಲ್ಲಿ ಅಳತೆ ಕೊಟ್ಟು ಒಂದು ವಾರ್ಡ್‌ರೋಬ್ ಮಾಡಿಸಿದ್ದೀರಿ ಎನ್ನಿ. ಬೆಲೆ 85,000 ರೂಪಾಯಿ, ಜಿಎಸ್‌ಟಿ ಬೇರೆ. 50,000 ಮುಂಗಡ ಕೊಟ್ಟಾಗಿದೆ. ವಾರ್ಡ್‌ರೋಬ್ ಮನೆಗೆ ಬಂದ ದಿನ ಕೊಡಬೇಕಾದ ಬಾಕಿ ಎಷ್ಟು? ಹಲವರು 85,000ದಲ್ಲಿ 50,000 ಕಳೆದು, ಉಳಿದ 35,000ಕ್ಕೆ ಶೇ 18ರ ಜಿಎಸ್‌ಟಿ ಸೇರಿಸಿ 41,300 ಎನ್ನುತ್ತಾರೆ. ಸರಿಯಾದ ಬಾಕಿ 50,300. ಎರಡು ಉತ್ತರಗಳ ನಡುವಿನ ಅಂತರ 9,000 ರೂಪಾಯಿ.

ಮೊದಲ ಲೆಕ್ಕದಲ್ಲಿ ಕೂಡಿಸುವುದು, ಕಳೆಯುವುದು ತಪ್ಪಿಲ್ಲ. ತಪ್ಪಿರುವುದು ಮುಂಗಡವನ್ನು ಕಳೆದ ಜಾಗದಲ್ಲಿ. ಮುಂಗಡ ಕೊಟ್ಟರೆ ವಸ್ತುವಿನ ಬೆಲೆ ಇಳಿಯುವುದಿಲ್ಲ. ಅದು ಬೆಲೆಯ ಒಂದು ಪಾಲನ್ನು ಮೊದಲೇ ಕೊಟ್ಟ ಹಣ, ಅಷ್ಟೇ. ರಿಯಾಯಿತಿಯಾಗಿದ್ದರೆ ಬೆಲೆಯಿಂದಲೇ ಕಳೆಯಬಹುದಿತ್ತು. ಮುಂಗಡವನ್ನು ಮಾತ್ರ ಪೂರ್ತಿ ಬೆಲೆ ಬರೆದು, ಪೂರ್ತಿ ತೆರಿಗೆ ಸೇರಿಸಿ, ಒಟ್ಟು ಮೊತ್ತ ಬಂದ ಮೇಲೆ ಕೊನೆಯಲ್ಲಿ ಕಳೆಯಬೇಕು.

ರಸೀದಿಯಿಂದ ಶುರು

ಇದೇ ವಾರ್ಡ್‌ರೋಬ್‌ನ ಲೆಕ್ಕವನ್ನು ಮೊದಲಿನಿಂದ ನೋಡೋಣ. ಕೊಟೇಶನ್‌ನಲ್ಲಿದ್ದದ್ದು 80,000 ರೂಪಾಯಿ ಮತ್ತು ಜಿಎಸ್‌ಟಿ. ಆರ್ಡರ್ ಕೊಟ್ಟ ದಿನ ಗ್ರಾಹಕರು 30,000 ಕೊಟ್ಟರು. ಪ್ಲೈವುಡ್ ಕತ್ತರಿಸಿ ಚೌಕಟ್ಟು ನಿಂತ ಮೇಲೆ ಇನ್ನೂ 20,000 ಕಳಿಸಿದರು. ನಡುವೆ ಮನೆಯವರಿಗೆ ಬಾಗಿಲಿಗೊಂದು ನಿಲುವುಗನ್ನಡಿ ಬೇಕೆನಿಸಿತು. ಅದಕ್ಕೆ 5,000 ಹೆಚ್ಚಾಯಿತು. ಹೇಳಿ ಮಾಡಿಸುವ ಕೆಲಸದಲ್ಲಿ ಆರಂಭದ ಅಂದಾಜು ಮತ್ತು ಕೊನೆಯ ಬಿಲ್ ಒಂದೇ ಆಗಿರುವುದು ಅಪರೂಪ. ಆದ್ದರಿಂದಲೇ ಮುಂಗಡದ ರಸೀದಿ ಬರೀ ಮೊತ್ತ ಹೇಳಿದರೆ ಸಾಲದು, ಯಾವ ಕೆಲಸಕ್ಕೆ ಎಂಬುದನ್ನೂ ಹೇಳಬೇಕು.

ಜಿಎಸ್‌ಟಿ ನೋಂದಣಿ ಇರುವವರು ಮುಂಗಡ ಪಡೆದಾಗ ರಸೀದಿ ವೋಚರ್ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ಇಬ್ಬರ ಹೆಸರು, ವಿಳಾಸ, ಯಾವ ಸರಕು ಅಥವಾ ಸೇವೆಗೆ ಮುಂಗಡ, ಎಷ್ಟು ಹಣ ಎಂಬುದೆಲ್ಲ ಇರಬೇಕು. ಕೊಟೇಶನ್ ಸಂಖ್ಯೆ ಮತ್ತು ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆಯ ಸಂಖ್ಯೆಯನ್ನೂ ಬರೆದರೆ ಮುಂದಿನ ತಕರಾರು ಅರ್ಧ ಕಡಿಮೆಯಾಗುತ್ತದೆ. ಎರಡು ಬಾರಿ ಹಣ ಕೊಟ್ಟರೆ ಎರಡು ರಸೀದಿ ಬೇಕು. ಎರಡನೆಯದರಲ್ಲಿ ‘ಹಿಂದಿನದೂ ಸೇರಿ 50,000’ ಎಂದು ಬರೆದುಕೊಡುವ ರೂಢಿ ಅಪಾಯದ್ದು. ಮೊದಲ ರಸೀದಿಯೂ ಉಳಿದಿದ್ದರೆ ಕಾಗದದ ಮೇಲೆ ಮುಂಗಡ 80,000 ಆಗಿಬಿಡುತ್ತದೆ.

ಕೊನೆಯ ಬಿಲ್ ಹೀಗಿರಬೇಕು

ಸರಕು ಕಾರ್ಖಾನೆ ಬಿಟ್ಟು ಹೊರಡುವ ಹೊತ್ತಿಗೆ ಇನ್‌ವಾಯ್ಸ್ ಸಿದ್ಧವಿರಬೇಕು. ಪೂರ್ತಿ ಹಣ ಚುಕ್ತಾ ಆದ ಮೇಲೆ ಬಿಲ್ ಎಂಬ ಮಾತಿಗೆ ಕಾನೂನಿನ ಆಸರೆ ಇಲ್ಲ. ನಮ್ಮ ವಾರ್ಡ್‌ರೋಬ್‌ನ ಬಿಲ್‌ನ ಸಾಲುಗಳು ಇವು:

ವಾರ್ಡ್‌ರೋಬ್: 80,000
ನಿಲುವುಗನ್ನಡಿ: 5,000
ತೆರಿಗೆ ಬೀಳುವ ಮೌಲ್ಯ: 85,000
ಸಿಜಿಎಸ್‌ಟಿ ಶೇ 9: 7,650
ಎಸ್‌ಜಿಎಸ್‌ಟಿ ಶೇ 9: 7,650
ಒಟ್ಟು: 1,00,300
ವಜಾ, ಮೊದಲ ರಸೀದಿಯ ಮುಂಗಡ: 30,000
ವಜಾ, ಎರಡನೇ ರಸೀದಿಯ ಮುಂಗಡ: 20,000
ಕೊಡಬೇಕಾದ ಬಾಕಿ: 50,300

ವಜಾ ಮಾಡಿದ ಪ್ರತಿ ಸಾಲಿನ ಪಕ್ಕದಲ್ಲಿ ರಸೀದಿಯ ಸಂಖ್ಯೆ ಮತ್ತು ದಿನಾಂಕ ಇರಬೇಕು. ಬಿಲ್‌ನ ಮೊತ್ತ 1,00,300, ಬಾಕಿ 50,300. ಇವೆರಡು ಬೇರೆ ಬೇರೆ ಸಂಗತಿ ಎಂಬುದನ್ನು ಬಿಲ್ ನೋಡಿದ ಯಾರಿಗಾದರೂ ತಿಳಿಯಬೇಕು.

ಈಗ 41,300ರ ತಪ್ಪು ಬಿಲ್‌ನಿಂದ ಏನಾಗುತ್ತದೆ ನೋಡಿ. ಕಾಗದದ ಪ್ರಕಾರ ಮಾರಾಟವಾದದ್ದು 35,000ದ ವಸ್ತು. ಆದರೆ ಬ್ಯಾಂಕ್ ಖಾತೆಗೆ ಇದೇ ಗ್ರಾಹಕರಿಂದ ಬಂದಿರುವುದು 91,300. ಮುಂದೊಂದು ದಿನ ತಪಾಸಣೆಯಲ್ಲಿ ಇದು ಕಣ್ಣಿಗೆ ಬಿದ್ದರೆ ಕಡಿಮೆಯಾದ ತೆರಿಗೆಯನ್ನು ವರ್ಷಕ್ಕೆ ಶೇ 18ರ ಬಡ್ಡಿಯೊಂದಿಗೆ ಕಟ್ಟಬೇಕು, ದಂಡ ಬಿದ್ದರೆ ಅದು ಬೇರೆ. ಆ ತೆರಿಗೆಯನ್ನು ಗ್ರಾಹಕರಿಂದ ಪಡೆದೇ ಇಲ್ಲವಾದ್ದರಿಂದ ಅದು ಹೋಗುವುದು ಕಾರ್ಖಾನೆಯವರ ಲಾಭದಿಂದ. ಇನ್ನೊಂದು ತೊಡಕು ದಾರಿಯಲ್ಲಿದೆ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕು. ತಪ್ಪು ಬಿಲ್ 41,300 ತೋರಿಸುವುದರಿಂದ ಇ-ವೇ ಬಿಲ್ ಇಲ್ಲದೆಯೇ ಗಾಡಿ ಹೊರಡುತ್ತದೆ, ಗಾಡಿಯಲ್ಲಿರುವುದು ಮಾತ್ರ ಲಕ್ಷದ ಸರಕು.

ಗ್ರಾಹಕರಿಗೆ 9,000 ಉಳಿದಂತೆ ಕಂಡರೂ ಅವರ ಕೈಯಲ್ಲಿರುವುದು 35,000ದ ವಸ್ತುವಿನ ಬಿಲ್. ಆರು ತಿಂಗಳಿಗೇ ಬಾಗಿಲು ಸೊಟ್ಟಗಾಗಿ ಗ್ರಾಹಕರ ಆಯೋಗಕ್ಕೆ ಹೋದರೆ, ಕೊಟ್ಟದ್ದು ಲಕ್ಷಕ್ಕೆ ಹತ್ತಿರದ ಹಣ ಎಂದು ಬೇರೆ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಅದೇ ವಾರ್ಡ್‌ರೋಬ್ ಅನ್ನು ಜಿಎಸ್‌ಟಿ ನೋಂದಣಿ ಇರುವ ವಸತಿಗೃಹದವರು ಕೊಂಡಿದ್ದರೆ, ಹೂಡುವಳಿ ತೆರಿಗೆಯ ಲಾಭ ಸಿಗುವುದು ಇನ್‌ವಾಯ್ಸ್‌ನಲ್ಲಿರುವ ತೆರಿಗೆಗೆ ಮಾತ್ರ. ಮುಂಗಡದ ರಸೀದಿ ತೋರಿಸಿ ಅದನ್ನು ಪಡೆಯಲಾಗುವುದಿಲ್ಲ.

ಮುಂಗಡಕ್ಕೇ ತೆರಿಗೆ ಬಿದ್ದಾಗ

ಮೇಲಿನ ಲೆಕ್ಕದಲ್ಲಿ ಮುಂಗಡದ ರಸೀದಿಗಳಲ್ಲಿ ಜಿಎಸ್‌ಟಿ ಇರಲಿಲ್ಲ. ಎತ್ತಿ ಇನ್ನೊಂದು ಮನೆಗೆ ಒಯ್ಯಬಹುದಾದ ವಾರ್ಡ್‌ರೋಬ್ ಸರಕು, ಮತ್ತು ಸರಕಿನ ಮುಂಗಡಕ್ಕೆ ಪಡೆದಾಗಲೇ ತೆರಿಗೆ ಕಟ್ಟುವ ಅಗತ್ಯವನ್ನು 2017ರ ನವೆಂಬರ್ 15ರ ಅಧಿಸೂಚನೆ ತೆಗೆದುಹಾಕಿತು. ಆಗಿನಿಂದ ತೆರಿಗೆ ಕಟ್ಟುವುದು ಇನ್‌ವಾಯ್ಸ್ ಹಂತದಲ್ಲಿ.

ಸೇವೆಗೆ ಈ ವಿನಾಯಿತಿ ಇಲ್ಲ. ಅದೇ ಕಾರ್ಖಾನೆಯವರು ಸಾಮಗ್ರಿ ತಂದು ನಿಮ್ಮ ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿಕೊಡಲು ಒಪ್ಪಿದರು ಎನ್ನಿ. ಕಟ್ಟಡಕ್ಕೆ ಸೇರಿಹೋಗುವ ಇಂಥ ಗುತ್ತಿಗೆ ಕೆಲಸವನ್ನು ಜಿಎಸ್‌ಟಿ ಸೇವೆ ಎಂದೇ ಎಣಿಸುತ್ತದೆ. ಕೆಲಸದ ಬೆಲೆ 1,20,000, ತೆರಿಗೆ ಶೇ 18ರಂತೆ 21,600, ಒಟ್ಟು 1,41,600. ನೀವು 59,000 ಮುಂಗಡ ಕೊಟ್ಟರೆ ಅದರೊಳಗೇ ತೆರಿಗೆ ಸೇರಿದೆ ಎಂದು ಲೆಕ್ಕ: 59,000ವನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿದರೆ ತೆರಿಗೆ 9,000, ಉಳಿದ 50,000 ಕೆಲಸದ ಬೆಲೆ. ರಸೀದಿಯಲ್ಲಿ ಇವೆರಡನ್ನೂ ಬಿಡಿಸಿ ಬರೆಯಬೇಕು. ಆ ತಿಂಗಳೊಳಗೆ ಇನ್‌ವಾಯ್ಸ್ ಆಗದಿದ್ದರೆ 9,000ವನ್ನು ಆ ತಿಂಗಳ ಲೆಕ್ಕದಲ್ಲೇ ಸರ್ಕಾರಕ್ಕೆ ಕಟ್ಟಬೇಕು.

ಕೆಲಸ ಮುಗಿದಾಗ ಬಿಲ್ ಮತ್ತೆ ಪೂರ್ತಿ 1,41,600ಕ್ಕೇ ಆಗುತ್ತದೆ. ಗ್ರಾಹಕರ ಬಾಕಿ 82,600. ವ್ಯತ್ಯಾಸವಿರುವುದು ಕಾರ್ಖಾನೆಯವರ ತೆರಿಗೆ ಲೆಕ್ಕದಲ್ಲಿ: 21,600ರಲ್ಲಿ 9,000 ಮೊದಲೇ ಕಟ್ಟಿದ್ದಾಗಿದೆ, ಈಗ ಕಟ್ಟಬೇಕಾದದ್ದು 12,600. ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ಮುಂಗಡ ಬಂದ ತಿಂಗಳು 11A ಕೋಷ್ಟಕದಲ್ಲಿ, ಹೊಂದಿಸಿದ ತಿಂಗಳು 11B ಕೋಷ್ಟಕದಲ್ಲಿ ತೋರಿಸಬೇಕು. 11A ತುಂಬಿ 11B ಮರೆತರೆ ಅದೇ 9,000ವನ್ನು ಎರಡು ಸಲ ಕಟ್ಟಿದಂತಾಗುತ್ತದೆ.

ಗೋಡೆಗೆ ಕಚ್ಚಿಸುವ ಅಡುಗೆಮನೆಯ ಕಪಾಟಿನಂಥ ಕೆಲಸಗಳಲ್ಲಿ ಸರಕು ಯಾವುದು, ಗುತ್ತಿಗೆ ಯಾವುದು ಎಂಬ ಗೆರೆ ಸ್ಪಷ್ಟವಾಗಿರುವುದಿಲ್ಲ. ಮುಂಗಡ ಪಡೆಯುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ ತೀರ್ಮಾನಿಸಿಕೊಂಡರೆ ಒಳ್ಳೆಯದು. ಇನ್ನು ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟಿರುವ ಬಡಗಿಗಳು ಜಿಎಸ್‌ಟಿ ಹಾಕುವಂತಿಲ್ಲ. ಅವರ ಬಿಲ್‌ನಲ್ಲಿ ಬೆಲೆಯಿಂದ ಮುಂಗಡ ಕಳೆದರೆ ಬಾಕಿ ಬಂತು.

ಪುಸ್ತಕದಲ್ಲಿ ಹೊಂದಿಸುವುದು

ಕಾರ್ಖಾನೆಯವರ ಪುಸ್ತಕದಲ್ಲಿ ಮುಂಗಡ ಬಂದ ದಿನ ಅದು ಮಾರಾಟವಲ್ಲ, ಹೊಣೆ. ಕೆಲಸ ಕೊಡದಿದ್ದರೆ ಹಿಂದಿರುಗಿಸಬೇಕಾದ ಹಣ ಅದು. ಆದ್ದರಿಂದ ಬ್ಯಾಂಕ್ ಖಾತೆಗೆ ಬಂದ 50,000ವನ್ನು ಗ್ರಾಹಕರ ಹೆಸರಿನಲ್ಲಿ ಮುಂಗಡವೆಂದು ಜಮಾ ಮಾಡುತ್ತಾರೆ. ಬಿಲ್ ಆದ ದಿನ ಗ್ರಾಹಕರ ಖಾತೆಗೆ 1,00,300 ಖರ್ಚು ಬೀಳುತ್ತದೆ. ಆಮೇಲೆ ಮುಂಗಡವನ್ನು ಆ ಬಿಲ್‌ಗೆ ಜೋಡಿಸಬೇಕು. ಟ್ಯಾಲಿಯಲ್ಲಿ ಹಣ ಬಂದಾಗ `Advance` ಎಂದು ಒಂದು ಹೆಸರು ಕೊಟ್ಟು ದಾಖಲಿಸಿ, ಬಿಲ್ ಮಾಡುವಾಗ `Agst Ref` ಆರಿಸಿ ಅದೇ ಹೆಸರಿಗೆ ಹೊಂದಿಸುವುದು ಕ್ರಮ.

ಅವಸರದಲ್ಲಿ `On Account` ಎಂದು ಹಾಕಿ ಬಿಟ್ಟರೆ ಖಾತೆಯ ಒಟ್ಟು ಬಾಕಿ ಸರಿ ಬರುತ್ತದೆ, ಆದರೆ ಬಾಕಿ ಬಿಲ್‌ಗಳ ಪಟ್ಟಿಯಲ್ಲಿ 1,00,300 ಪೂರ್ತಿ ಬರಬೇಕೆಂದೇ ಕಾಣುತ್ತದೆ. ಕೊಟ್ಟ ಹಣಕ್ಕೇ ಮತ್ತೆ ಫೋನ್ ಮಾಡಿ ಕೇಳುವ ಮುಜುಗರ ಹುಟ್ಟುವುದು ಇಲ್ಲಿಂದ. ಇನ್ನೊಂದು ಸಾಮಾನ್ಯ ಎಡವಟ್ಟು ಹೆಸರಿನದು. ಆರ್ಡರ್ ಮತ್ತು ಬಿಲ್ ಹೆಂಡತಿಯ ಹೆಸರಿನಲ್ಲಿ, ಮುಂಗಡ ಬಂದದ್ದು ಗಂಡನ ಯುಪಿಐಯಿಂದ. ಗುಮಾಸ್ತರು ಎರಡು ಖಾತೆ ತೆರೆದರೆ ಒಂದರಲ್ಲಿ ಮುಂಗಡ ಹಾಗೇ ಕೂತಿರುತ್ತದೆ, ಇನ್ನೊಂದರಲ್ಲಿ ಸಾಲ ತೀರುವುದೇ ಇಲ್ಲ. ತಿಂಗಳ ಕೊನೆಗೆ ಹೊಂದಿಸದೆ ಉಳಿದ ಮುಂಗಡಗಳ ಪಟ್ಟಿ ತೆಗೆದು, ಯಾವ ಕೆಲಸ ಡೆಲಿವರಿ ಆಗಿದೆ ಎಂದು ತಾಳೆ ನೋಡಿದರೆ ಎರಡೂ ಸಿಕ್ಕಿಬೀಳುತ್ತವೆ.

ಕೆಲಸ ರದ್ದಾದರೆ

ಇನ್‌ವಾಯ್ಸ್ ಆಗುವ ಮೊದಲೇ ಆರ್ಡರ್ ರದ್ದಾಗಿ ಹಣ ಹಿಂದಿರುಗಿಸಿದರೆ, ಆ ರಸೀದಿಗೆ ಎದುರಾಗಿ ಮರುಪಾವತಿ ವೋಚರ್ ಕೊಡಬೇಕು. ಇನ್‌ವಾಯ್ಸ್ ಆದ ಮೇಲೆ ಬೆಲೆ ಇಳಿಸಿದರೆ ಅಥವಾ ವಸ್ತು ವಾಪಸು ಬಂದರೆ ಕ್ರೆಡಿಟ್ ನೋಟ್ ಬೇಕು. ಮುಂಗಡದಲ್ಲಿ ಎಷ್ಟು ಹಿಡಿದಿಟ್ಟುಕೊಳ್ಳಬಹುದು ಎಂಬುದೇ ಜಗಳದ ಮೂಲ. ನಿಮ್ಮ ಅಳತೆಗೆ ಕತ್ತರಿಸಿದ ಪ್ಲೈವುಡ್ ಇನ್ನೊಬ್ಬರಿಗೆ ಸಲ್ಲುವುದಿಲ್ಲವಾದ್ದರಿಂದ ಆ ನಷ್ಟ ಕೇಳುವುದು ನ್ಯಾಯ. ಯಾವ ಹಂತದಲ್ಲಿ ಎಷ್ಟು ಎಂದು ಕೊಟೇಶನ್‌ನಲ್ಲೇ ಬರೆದಿದ್ದರೆ ಜಗಳಕ್ಕೆ ಜಾಗವಿರುವುದಿಲ್ಲ.

ನಗದಿನಲ್ಲಿ ಕೊಡುವವರಿಗೆ ಇನ್ನೊಂದು ಮಾತು. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಮುಂಗಡ ಒಂದು ದಿನ, ಬಾಕಿ ಇನ್ನೊಂದು ದಿನ ಎಂದು ಒಡೆದರೂ ಕೆಲಸ ಒಂದೇ ಆದ್ದರಿಂದ ಎಲ್ಲವೂ ಕೂಡಿಯೇ ಲೆಕ್ಕ.

ಗ್ರಾಹಕರು ಕೊನೆಯ ಕಂತು ಕೊಡುವ ಮೊದಲು ಬಿಲ್‌ನಲ್ಲಿ ಮೂರು ಸಂಗತಿ ನೋಡಲಿ: ಮಾಡಿಸಿದ ಕೆಲಸದ ಪೂರ್ತಿ ಬೆಲೆ ಇದೆಯೇ, ತೆರಿಗೆ ಆ ಪೂರ್ತಿ ಬೆಲೆಗೆ ಬಿದ್ದಿದೆಯೇ, ತಮ್ಮ ಕೈಯಲ್ಲಿರುವ ಪ್ರತಿ ರಸೀದಿಯ ಸಂಖ್ಯೆ ವಜಾ ಸಾಲಿನಲ್ಲಿ ಇದೆಯೇ. ಮೂರೂ ಸರಿಯಿದ್ದರೆ ಬಾಕಿ ಕೊಟ್ಟು, ಅದಕ್ಕೂ ಒಂದು ರಸೀದಿ ಪಡೆದು, ಎಲ್ಲವನ್ನೂ ಬಿಲ್‌ಗೆ ಪಿನ್ ಹೊಡೆದು ಇಟ್ಟುಕೊಳ್ಳಿ.